ಆಷಾಢದ ಗಾಳಿಯಲ್ಲಿ ಮಾತು ರೆಕಾರ್ಡ್ ಮಾಡುವಾಗ: ಫರ್ ಕವರ್, ಮೈಕ್ ಇಡುವ ಜಾಗ, ಫಿಲ್ಟರ್ – ಯಾವುದನ್ನು ಎಷ್ಟು ನಂಬಬಹುದು?

ಹೋದ ಆಷಾಢದಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಒಂದು ಹೊಲಕ್ಕೆ ಹೋಗಿದ್ದೆ. ಎಂಬತ್ತು ದಾಟಿದ ಅಜ್ಜಾರೊಬ್ಬರಿಂದ ಹಂತಿ ಪದ ಹಾಡಿಸಿ, ಹಿಂದೆ ಕಣದಲ್ಲಿ ರಾಶಿ ಹೇಗೆ ಮಾಡುತ್ತಿದ್ದರು ಅಂತ ಮಾತಾಡಿಸಬೇಕಿತ್ತು. ಆ ಭಾಗದಲ್ಲಿ ಸಾಲಾಗಿ ಗಾಳಿಯಂತ್ರಗಳು ನಿಂತಿವೆ. ಗಾಳಿಯಂತ್ರ ನಿಲ್ಲಿಸಲು ಒಳ್ಳೆಯ ಜಾಗ ಅಂದರೆ ಮೈಕ್ ಹಿಡಿಯಲು ಕಷ್ಟದ ಜಾಗ ಅಂತಲೇ ಅರ್ಥ. ಕ್ಯಾಮೆರಾ ಮೇಲೆ ಚಿಕ್ಕ ಶಾಟ್‌ಗನ್ ಮೈಕ್, ಅದಕ್ಕೆ ಕಪ್ಪು ಸ್ಪಂಜಿನ ಟೋಪಿ. ಅಷ್ಟನ್ನೇ ನೆಚ್ಚಿಕೊಂಡು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ಸಂಜೆ ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಅಜ್ಜಾರ ದನಿಯ ಮೇಲೆ ಲಾರಿ ಓಡಿದ ಹಾಗಿತ್ತು. ಹಾಡಿನ ಎರಡು ನುಡಿ ಪೂರ್ತಿ ಹೋಗಿದ್ದವು.

ಮಾರನೆಯ ದಿನ ಮತ್ತೆ ಹೋದೆ. ಅವರು ಬೇಜಾರು ಮಾಡಿಕೊಳ್ಳದೆ ಮತ್ತೆ ಹಾಡಿದರು. ಆ ಎರಡು ದಿನಗಳಲ್ಲಿ ಮೂರೂ ದಾರಿಗಳನ್ನು ಒಂದೇ ಜಾಗದಲ್ಲಿ, ಒಂದೇ ದನಿಯ ಮೇಲೆ ಹೋಲಿಸಿ ನೋಡುವ ಅವಕಾಶ ಸಿಕ್ಕಿತು. ಫರ್ ಕವರ್ ಕೊಳ್ಳಬೇಕೋ, ಮೈಕ್ ಇಡುವ ಜಾಗ ಬದಲಿಸಿದರೆ ಸಾಕೋ, ಆಮೇಲೆ ಎಡಿಟಿಂಗ್‌ನಲ್ಲಿ ಸರಿ ಮಾಡಿಕೊಳ್ಳಬಹುದೋ ಅಂತ ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಆ ಗುಡುಗು ಎಲ್ಲಿಂದ ಬರುತ್ತದೆ?

ಇದೊಂದು ಗೊತ್ತಾದರೆ ಮುಂದಿನ ಆಯ್ಕೆಗಳು ತಾವಾಗಿಯೇ ಸುಲಭವಾಗುತ್ತವೆ. ಮರದ ಎಲೆ ಅಲುಗಾಡುವ ಸದ್ದು ನಿಜವಾದ ಸದ್ದು. ಅದು ದೂರದಲ್ಲಿ ಹುಟ್ಟಿ ಮೈಕ್ ತನಕ ಬರುತ್ತದೆ. ಆದರೆ ರೆಕಾರ್ಡಿಂಗ್ ಹಾಳು ಮಾಡುವ ಆ ಗುಡುಗುಡು ಹೊರಗೆ ಎಲ್ಲೂ ಇರುವುದಿಲ್ಲ. ಓಡುವ ಗಾಳಿ ಮೈಕಿನ ಮೈಗೆ ಬಡಿದು ಸುಳಿಯಾಗುತ್ತದೆ. ಆ ಸುಳಿಗಳ ಒತ್ತಡ ಏರಿಳಿದಾಗ ಮೈಕಿನೊಳಗಿನ ತೆಳು ಪೊರೆ ಅಲುಗುತ್ತದೆ. ಅಂದರೆ ಗದ್ದಲ ಹುಟ್ಟುವುದೇ ಮೈಕಿನಲ್ಲಿ. ಅದಕ್ಕೇ ಪಕ್ಕದಲ್ಲಿ ನಿಂತ ನಮಗೆ ಏನೂ ಅನ್ನಿಸದಿದ್ದರೂ ರೆಕಾರ್ಡಿಂಗ್‌ನಲ್ಲಿ ಅಬ್ಬರ ತುಂಬಿರುತ್ತದೆ. ಹೊರಗೆ ಹೋದಾಗ ಹೆಡ್‌ಫೋನ್ ಹಾಕಿಕೊಂಡೇ ರೆಕಾರ್ಡ್ ಮಾಡಬೇಕು ಅನ್ನುವುದು ಇದಕ್ಕೇ. ನಾನು ಮೊದಲ ದಿನ ಹಾಕಿರಲಿಲ್ಲ.

ಇನ್ನೆರಡು ಸಂಗತಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ತಂಗಾಳಿಯಲ್ಲಿ ಚೆನ್ನಾಗಿ ನಡೆದ ಉಪಾಯ ಒಂದು ಜೋರು ಬೀಸಿಗೆ ಕೈ ಕೊಡುತ್ತದೆ. ಇನ್ನು ಈ ಗದ್ದಲದ ಬಲವೆಲ್ಲ ಹೆಚ್ಚಾಗಿ ಕೆಳಗಿನ ಸ್ವರಗಳಲ್ಲಿ, 200 ಹರ್ಟ್ಜ್‌ಗಿಂತ ಕೆಳಗೆ ಇರುತ್ತದೆ. ಮೇಲೆ ಹೋದಂತೆ ಕಡಿಮೆಯಾಗುತ್ತದೆ. ಫಿಲ್ಟರ್ ಸ್ವಲ್ಪವಾದರೂ ಕೆಲಸ ಮಾಡುವುದು ಈ ಕಾರಣಕ್ಕೆ.

ಮೈಕ್ ಇಡುವ ಜಾಗ: ಖರ್ಚಿಲ್ಲ, ಆದರೆ ನೋಡಿ ಇಡಬೇಕು

ಎರಡನೇ ದಿನ ನಾನು ಕ್ಯಾಮೆರಾ ತೆಗೆಯುವ ಮೊದಲೇ ಅಜ್ಜಾರು ಒಂದು ಚಿಟಿಕೆ ಹೊಟ್ಟು ಮೇಲಕ್ಕೆತ್ತಿ ಬಿಟ್ಟರು. "ಗಾಳಿ ಯಾಕಡಿಂದ ಬರತೈತಿ ಮೊದ್ಲ ನೋಡ್ಕೋ ತಮ್ಮಾ. ಆಮ್ಯಾಲ ಕುಂದ್ರೋ ಜಾಗ ನೋಡೋಣು" ಅಂದರು. ಜೀವನವಿಡೀ ಗಾಳಿ ನೋಡಿಕೊಂಡು ರಾಶಿ ತೂರಿದವರು. ತೂರುವವರಿಗೆ ಗಾಳಿ ಬೇಕು, ನಮಗೆ ಬೇಡ. ಆದರೆ ಇಬ್ಬರೂ ಮೊದಲು ನೋಡಬೇಕಾದದ್ದು ಒಂದೇ.

ಅವರು ನನ್ನನ್ನು ಕರೆದುಕೊಂಡು ಹೋಗಿದ್ದು ಜೋಳದ ಕಣಿಕೆಯ ಬಣವೆಯ ಮರೆಗೆ. ಅಲ್ಲೇ ಹತ್ತಿರ ಪಂಪ್‌ಸೆಟ್ ಮನೆಯ ಸಿಮೆಂಟ್ ಗೋಡೆಯೂ ಇತ್ತು. ನಾನು ಗೋಡೆಯ ಮರೆ ಒಳ್ಳೆಯದು ಅಂದುಕೊಂಡಿದ್ದೆ. ಎರಡೂ ಕಡೆ ಒಂದೊಂದು ನಿಮಿಷ ರೆಕಾರ್ಡ್ ಮಾಡಿ ಕೇಳಿದಾಗ ಬಣವೆಯೇ ಗೆದ್ದಿತು. ಗಟ್ಟಿ ಗೋಡೆಗೆ ಬಡಿದ ಗಾಳಿ ಅಂಚು ದಾಟುವಾಗ ಸುಳಿ ಕಟ್ಟುತ್ತದೆ, ಮೂಲೆಯ ಹತ್ತಿರ ಬಯಲಿಗಿಂತ ಜಾಸ್ತಿ ಗದ್ದಲ ಬರಬಹುದು. ಜೊತೆಗೆ ಮಾತು ಗೋಡೆಗೆ ಬಡಿದು ತಿರುಗಿ ಬರುತ್ತದೆ. ಬಣವೆ, ಬೇಲಿ, ಒತ್ತಾದ ಗಿಡಗಳ ಸಾಲು ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಸಂದಿಗಳಲ್ಲಿ ನುಸುಳಿಸಿ ಅದರ ಬಿರುಸು ಇಳಿಸುತ್ತವೆ. ಸದ್ದನ್ನೂ ಹೀರಿಕೊಳ್ಳುತ್ತವೆ. ಗೋಡೆ ಬಿಟ್ಟರೆ ಬೇರೆ ಮರೆ ಇಲ್ಲ ಅಂದರೆ ಮೂಲೆಯಿಂದ ದೂರ, ಗೋಡೆಯ ನಡುಭಾಗದಲ್ಲಿ ಕೂರಿಸಿ.

ಕೂರಿಸಿ ಅಂತ ಬೇಕೆಂದೇ ಹೇಳಿದೆ. ನೆಲದ ಹತ್ತಿರ ಗಾಳಿಯ ವೇಗ ಕಡಿಮೆ. ನಿಂತು ಮಾತಾಡುವ ಬದಲು ಕುಳಿತು ಮಾತಾಡಿದರೆ, ಅದರಲ್ಲೂ ಸುತ್ತ ಪೈರು ಇದ್ದರೆ, ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ದೂರದ ಲೆಕ್ಕ. ಗಾಳಿಯ ಗದ್ದಲ ಮೈಕಿನಲ್ಲೇ ಹುಟ್ಟುತ್ತದೆ ಅಂದೆನಲ್ಲ, ಹಾಗಾಗಿ ಮೈಕನ್ನು ಬಾಯಿಯ ಹತ್ತಿರ ತಂದರೆ ಮಾತು ಮಾತ್ರ ಜೋರಾಗುತ್ತದೆ, ಗಾಳಿ ಇದ್ದಷ್ಟೇ ಇರುತ್ತದೆ. ದೂರ ಅರ್ಧವಾದಾಗ ಬಯಲಿನಲ್ಲಿ ಮಾತು 6 ಡೆಸಿಬೆಲ್ ಏರುತ್ತದೆ. ಕ್ಯಾಮೆರಾ ಮೇಲೆ 120 ಸೆಂಟಿಮೀಟರ್ ದೂರದಲ್ಲಿದ್ದ ಮೈಕನ್ನು 15 ಸೆಂಟಿಮೀಟರಿಗೆ ತಂದರೆ ದೂರ ಮೂರು ಸಲ ಅರ್ಧವಾದಂತೆ. ಲೆಕ್ಕದ ಪ್ರಕಾರ 18 ಡೆಸಿಬೆಲ್ ಲಾಭ. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಇಷ್ಟು ದೊಡ್ಡ ಲಾಭ ಬೇರೆ ಯಾವುದರಲ್ಲೂ ನನಗೆ ಕಂಡಿಲ್ಲ. ನೇರ ಬಾಯಿಯ ಮುಂದೆ ಇಡಬೇಡಿ. ಪ, ಬ, ಭ ಅಕ್ಷರಗಳ ಉಸಿರು ಬಡಿಯುತ್ತದೆ. ಗಲ್ಲದ ಕೆಳಗೆ, ಸ್ವಲ್ಪ ಪಕ್ಕಕ್ಕೆ ಇರಲಿ.

ಮೈಕಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಒಂದೇ ದಿಕ್ಕಿನ ಸದ್ದು ಹಿಡಿಯುವ ಶಾಟ್‌ಗನ್ ಮೈಕ್ ಗಾಳಿಗೆ ತುಂಬ ಸೂಕ್ಷ್ಮ. ಎಲ್ಲ ದಿಕ್ಕಿನಿಂದ ಹಿಡಿಯುವ ಸಾಮಾನ್ಯ ಕಾಲರ್ ಮೈಕ್ ಅಷ್ಟು ಸೂಕ್ಷ್ಮವಲ್ಲ. "ಹೊರಗಿನ ಗದ್ದಲ ಬೇಡ, ಅದಕ್ಕೆ ಶಾಟ್‌ಗನ್" ಅಂತ ಅನೇಕರು ಕೊಳ್ಳುತ್ತಾರೆ. ವಾಹನದ ಗದ್ದಲಕ್ಕೆ ಆ ಮಾತು ಸರಿ, ಗಾಳಿಗೆ ತಪ್ಪು.

ಆ ದಿನ ಅಜ್ಜಾರನ್ನು ಗಾಳಿಗೆ ಬೆನ್ನು ಹಾಕಿ ಕೂರಿಸಿ, ಕಾಲರ್ ಮೈಕನ್ನು ಅಂಗಿಯ ಗುಂಡಿಪಟ್ಟಿಯ ಒಳಗೆ, ಎದೆಗೂಡಿನ ನಡುವೆ, ಔಷಧಿ ಅಂಗಡಿಯಲ್ಲಿ ಸಿಗುವ ಕಾಗದದ ಟೇಪಿನಿಂದ ಅಂಟಿಸಿದೆ. ಅವರ ಬೆನ್ನೇ ಮೊದಲ ಮರೆ, ಅಂಗಿಯ ಬಟ್ಟೆ ಎರಡನೆಯದು. ಇದರಲ್ಲೂ ತೊಂದರೆ ಇದೆ. ಬಟ್ಟೆ ಮೈಕಿಗೆ ಉಜ್ಜಿದರೆ ಸರಸರ ಸದ್ದು ಬರುತ್ತದೆ, ಅದನ್ನು ಸಾಮಾನ್ಯ ಫಿಲ್ಟರ್ ತೆಗೆಯುವುದಿಲ್ಲ. ತೊಳೆದು ಮೆತ್ತಗಾದ ಹತ್ತಿ ಅಂಗಿಯಾದರೆ ಅಷ್ಟು ಕಾಡುವುದಿಲ್ಲ. ಗಂಜಿ ಹಾಕಿದ ಅಂಗಿ, ಟೆರಿಕಾಟ್, ರೇಷ್ಮೆ ಆದರೆ ಕಷ್ಟ. ಮೈಕ್ ಮತ್ತು ಬಟ್ಟೆ ಎರಡಕ್ಕೂ ಟೇಪ್ ಹಿಡಿದು, ಒಂದು ಇನ್ನೊಂದರ ಮೇಲೆ ಜಾರದ ಹಾಗೆ ಮಾಡಿದರೆ ಸದ್ದು ಹೋಗುತ್ತದೆ. ಮೈಕಿನ ಕೆಳಗೆ ವೈರನ್ನು ಸಣ್ಣ ಸುತ್ತು ಹಾಕಿ ಅಂಟಿಸಿ. ಆಗ ವೈರ್ ಎಳೆದ ಅದುರು ಮೈಕ್ ತನಕ ಹೋಗುವುದಿಲ್ಲ.

ಫರ್ ಕವರ್: ಮೈಕಿನ ಸುತ್ತ ಒಂದು ಬೇಲಿ

ಡೆಡ್‌ಕ್ಯಾಟ್ ಅಂತಲೂ ಕರೆಯುವ ಈ ತುಪ್ಪಳದ ಚೀಲ ಬಣವೆಯ ಕೆಲಸವನ್ನೇ ಚಿಕ್ಕದಾಗಿ ಮಾಡುತ್ತದೆ. ಉದ್ದ ಕೂದಲುಗಳು ಗಾಳಿಯ ರಭಸವನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನುತ್ತವೆ, ದೊಡ್ಡ ಸುಳಿ ಕಟ್ಟಲು ಬಿಡುವುದಿಲ್ಲ. ಆದರೆ ಕೂದಲಷ್ಟೇ ಮುಖ್ಯವಾದದ್ದು ಇನ್ನೊಂದಿದೆ: ಕವರಿಗೂ ಮೈಕಿಗೂ ನಡುವೆ ಇರುವ ನಿಶ್ಚಲ ಗಾಳಿಯ ಜಾಗ. ಹೊರಗಿನ ಸುಳಿಗಳು ಕವರಿನ ಹೊರಮೈಯಲ್ಲೇ ಉಳಿಯಬೇಕು, ಮೈಕಿನ ಪೊರೆ ಅಲ್ಲಿಂದ ಆದಷ್ಟು ದೂರ ಇರಬೇಕು. ಹಾಗಾಗಿ ದೊಡ್ಡ ಕವರ್ ಚಿಕ್ಕದಕ್ಕಿಂತ ಮೇಲು. ಮೈಕಿಗೆ ಬಿಗಿಯಾಗಿ ಅಂಟಿದ ತುಪ್ಪಳಕ್ಕಿಂತ ಬುರುಡೆಯಂತೆ ಉಬ್ಬಿದ್ದು ಮೇಲು. ಚಿತ್ರೀಕರಣದವರು ಹಿಡಿಯುವ ಉದ್ದ ಬುಟ್ಟಿಯಂಥ ಸಾಧನ ನೋಡಿರಬಹುದು. ಅದರಲ್ಲಿ ಮೈಕ್ ಪಂಜರದ ನಡುವೆ ತೂಗುತ್ತಿರುತ್ತದೆ, ಪಂಜರದ ಮೇಲೆ ತುಪ್ಪಳ ಹೊದಿಸಿರುತ್ತದೆ. ಶಾಟ್‌ಗನ್ ಮೈಕನ್ನು ಜೋರು ಗಾಳಿಯಲ್ಲಿ ಬಳಸಲೇಬೇಕಾದರೆ ಅದೇ ಸರಿಯಾದ ದಾರಿ, ಆದರೆ ಬೆಲೆ ಜಾಸ್ತಿ.

ಹಾಗಾದರೆ ಮೈಕ್ ಜೊತೆ ಬರುವ ಸ್ಪಂಜ್ ಟೋಪಿ? ಅದು ಉಸಿರಿನ ಬಡಿತಕ್ಕೆ, ಫ್ಯಾನ್ ಗಾಳಿಗೆ, ಮೈಕ್ ಹಿಡಿದು ನಿಧಾನವಾಗಿ ನಡೆಯುವುದಕ್ಕೆ ಸಾಕು. ಬಟ್ಟೆ ಒಣಹಾಕಿದರೆ ಪಟಪಟ ಹೊಡೆದುಕೊಳ್ಳುವಷ್ಟು ಗಾಳಿ ಇದ್ದರೆ ಸಾಲದು. ಸ್ಪಂಜಿನ ಮೇಲೆ ತುಪ್ಪಳ ಹಾಕಿದರೆ ಎರಡೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ. ನಾನು ಅಜ್ಜಾರಿಗೆ ಹಾಡುವಾಗ ಹಾಕಿದ್ದು ಹೀಗೇ. ಕೈ ಎತ್ತಿ, ಮೈ ತೂಗಿ ಹಾಡುವವರಿಗೆ ಅಂಗಿಯ ಒಳಗಿನ ಮೈಕ್ ಆಗುವುದಿಲ್ಲ, ಬಟ್ಟೆ ಉಜ್ಜುತ್ತದೆ. ಆಗ ಮೈಕ್ ಹೊರಗೆ ತಂದು ತುಪ್ಪಳದ ಟೋಪಿ ಹಾಕಿದೆ. ಕಾಲರ್ ಮೈಕಿಗೆ ಹೊಂದುವ ಟೋಪಿಗಳು ಕೆಲವು ನೂರು ರೂಪಾಯಿಯಲ್ಲಿ ಸಿಗುತ್ತವೆ. ಬೀಸುಗಾಳಿಗೆ ಹಾರಿಹೋಗುವುದು ಇವುಗಳ ದೊಡ್ಡ ದೋಷ. ಒಳಗೆ ಒಂದು ಸುತ್ತು ಟೇಪ್ ಹಾಕಿ ಬಿಗಿ ಮಾಡಿಕೊಳ್ಳಿ.

ತುಪ್ಪಳ ಮಾತಿನ ಮೇಲ್ಸ್ವರಗಳನ್ನೂ ಸ್ವಲ್ಪ ತಿನ್ನುತ್ತದೆ. ಸ, ಶ, ಚ ಅಕ್ಷರಗಳ ಮೊನಚು ಕಡಿಮೆಯಾಗುತ್ತದೆ. ಒಳ್ಳೆಯ ಕವರಿನಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಅಗ್ಗದ, ಒತ್ತಾದ ಹಿಂಬಟ್ಟೆಯ ಕವರಿನಲ್ಲಿ ಕಂಬಳಿ ಹೊದ್ದು ಮಾತಾಡಿದ ಹಾಗಾಗುತ್ತದೆ. ಕೊಳ್ಳುವಾಗ ಕೂದಲಿನ ಉದ್ದ ಮಾತ್ರ ನೋಡಬೇಡಿ. ಒಳಗಿನ ಬಟ್ಟೆಯ ಮೂಲಕ ಬಾಯಿಂದ ಊದಿ ನೋಡಿ, ಉಸಿರು ಸಲೀಸಾಗಿ ದಾಟಬೇಕು. ಹಳೆಯ ಗೊಂಬೆಯ ತುಪ್ಪಳ ಕತ್ತರಿಸಿ ಮನೆಯಲ್ಲೇ ಹೊಲಿಯುವವರೂ ಇದೇ ಪರೀಕ್ಷೆ ಮಾಡಿ ನೋಡಬೇಕು.

ಮಳೆಯ ಹನಿ ಬಿದ್ದು ಕೂದಲು ಅಂಟಿಕೊಂಡರೆ ಮೇಲ್ಸ್ವರ ಇನ್ನಷ್ಟು ಹೋಗುತ್ತದೆ, ಗಾಳಿಯೂ ಜಾಸ್ತಿ ಕೇಳುತ್ತದೆ. ಕೊಡವಿ, ಒಣಗಿಸಿ, ಅಗಲ ಹಲ್ಲಿನ ಬಾಚಣಿಗೆಯಿಂದ ಬಾಚಿ. ಚೀಲದಲ್ಲಿ ಮುದುಡಿಟ್ಟ ಕವರನ್ನೂ ಬಳಸುವ ಮೊದಲು ಬಾಚಬೇಕು. ಇಲ್ಲದಿದ್ದರೆ ಅದು ಬರೀ ದಪ್ಪ ಬಟ್ಟೆ.

ಮೊಬೈಲಿನಲ್ಲೇ ರೆಕಾರ್ಡ್ ಮಾಡುವವರಿಗೆ ಒಂದು ಮಾತು. ಫೋನಿನ ಮೈಕ್ ರಂಧ್ರ ಚಿಕ್ಕದು, ಕೆಳಅಂಚಿನಲ್ಲಿರುತ್ತದೆ. ಅದಕ್ಕೆ ತುಪ್ಪಳ ಅಂಟಿಸಿದರೆ ಮೈಕಿಗೂ ಕೂದಲಿಗೂ ನಡುವೆ ಜಾಗವೇ ಇರುವುದಿಲ್ಲ, ಲಾಭ ಅಷ್ಟಕ್ಕಷ್ಟೇ. ಅದೇ ದುಡ್ಡಿಗೆ ವೈರಿನ ಕಾಲರ್ ಮೈಕ್ ತಗೊಂಡು ಅಂಗಿಯೊಳಗೆ ಇಡುವುದು ಒಳ್ಳೆಯದು.

ಫಿಲ್ಟರ್: ಉಳಿದ ಗದ್ದಲಕ್ಕೆ ಮಾತ್ರ

ಮೊದಲ ದಿನದ ಹಾಳಾದ ರೆಕಾರ್ಡಿಂಗನ್ನು ಉಳಿಸಲು ಎರಡು ರಾತ್ರಿ ಕೂತೆ. ಅದರಲ್ಲಿ ಕಲಿತದ್ದು ಇಷ್ಟು: ಫಿಲ್ಟರ್ ಮಾತಿನ ಕೆಳಗೆ ಕುಳಿತ ಗದ್ದಲವನ್ನು ತೆಗೆಯುತ್ತದೆ, ಮಾತನ್ನೇ ಒಡೆದುಹಾಕಿದ ಗದ್ದಲವನ್ನು ತೆಗೆಯುವುದಿಲ್ಲ.

ಹೇಗೆ ಗೊತ್ತಾಗುತ್ತದೆ? ಆಡಾಸಿಟಿ ಅನ್ನುವ ಎಡಿಟಿಂಗ್ ತಂತ್ರಾಂಶದಲ್ಲಿ ಫೈಲ್ ತೆರೆದು, ಗಾಳಿ ಬಡಿದ ಜಾಗವನ್ನು ಚೆನ್ನಾಗಿ ದೊಡ್ಡದು ಮಾಡಿ ನೋಡಿ. ಅಲೆಯ ತುದಿಗಳು ದುಂಡಗಿದ್ದರೆ ಆಸೆ ಇದೆ. ಕತ್ತಿಯಿಂದ ಸವರಿದ ಹಾಗೆ ಚಪ್ಪಟೆ ಆಗಿದ್ದರೆ ಗಾಳಿಯ ಒತ್ತಡ ರೆಕಾರ್ಡರಿನ ಮಿತಿ ಮೀರಿದೆ, ಆ ಕ್ಷಣದ ಮಾತು ದಾಖಲಾಗಿಯೇ ಇಲ್ಲ. ನನ್ನ ಎರಡು ನುಡಿಗಳು ಹೋಗಿದ್ದು ಹೀಗೆ. `View` ಮೆನುವಿನಲ್ಲಿ `Show Clipping` ಆನ್ ಮಾಡಿದರೆ ಇಂಥ ಜಾಗಗಳು ಕೆಂಪಾಗಿ ಕಾಣುತ್ತವೆ. 32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ದರೆ ಈ ಭಯವಿಲ್ಲ ಅನ್ನುತ್ತಾರೆ. ಅದು ಅರ್ಧ ಸತ್ಯ. ರೆಕಾರ್ಡರ್ ತಡೆದುಕೊಂಡರೂ ಮೈಕಿನ ಪೊರೆ ಅಥವಾ ಮೈಕಿನೊಳಗಿನ ಸರ್ಕ್ಯೂಟ್ ಮಿತಿ ಮೀರಿದರೆ ಫಲ ಅದೇ.

ಆಸೆ ಇದ್ದ ಭಾಗಕ್ಕೆ ಹೈ ಪಾಸ್ ಫಿಲ್ಟರ್ ಹಾಕಬೇಕು. ಅದು ನಾವು ಹೇಳಿದ ಸ್ವರಕ್ಕಿಂತ ಕೆಳಗಿನದನ್ನು ತಗ್ಗಿಸುತ್ತದೆ. ಆಡಾಸಿಟಿಯ ಈಚಿನ ಆವೃತ್ತಿಗಳಲ್ಲಿ ಇದು `Effect > EQ and Filters > High-Pass Filter` ಅಂತ ಇದೆ. `Frequency` ಜಾಗದಲ್ಲಿ ಗಂಡು ದನಿಗೆ 100, ಹೆಣ್ಣು ದನಿಗೆ 150 ಹಾಕಿ, ಫಿಲ್ಟರಿನ ಇಳಿಜಾರು ಎಷ್ಟು ಕಡಿದು ಅಂತ ಹೇಳುವ `Roll-off` ಅನ್ನು 24 ಮಾಡಿ ಕೇಳಿ. ಸಾಮಾನ್ಯವಾಗಿ ಗಂಡಸರ ದನಿಯ ಬುಡ 100 ಹರ್ಟ್ಜ್‌ನಿಂದ ಸ್ವಲ್ಪ ಮೇಲೆ, ಹೆಂಗಸರದು 200ರ ಆಸುಪಾಸು ಇರುತ್ತದೆ. ಗಾಳಿ ಇನ್ನೂ ಕೇಳಿದರೆ ಹತ್ತು ಹತ್ತರಂತೆ ಏರಿಸಿ. ದನಿ ತೆಳ್ಳಗಾಗಿ ಫೋನಿನಲ್ಲಿ ಮಾತಾಡಿದಂತೆ ಆಯಿತು ಅನ್ನಿಸಿದ ತಕ್ಷಣ ಎರಡು ಹೆಜ್ಜೆ ಹಿಂದೆ ಬನ್ನಿ. ಅಜ್ಜಾರ ದನಿಗೆ ನಾನು 120ಕ್ಕೆ ನಿಂತೆ.

ತುಂಬ ಫೈಲ್‌ಗಳಿದ್ದರೆ, ಕಮಾಂಡ್ ಬರೆದು ನಡೆಸುವ ಎಫ್ಎಫ್‌ಎಂಪೆಗ್ ತಂತ್ರಾಂಶದಲ್ಲಿ ಒಂದೊಂದು ಫೈಲಿಗೂ ಹೆಸರು ಬದಲಿಸಿ ಒಂದು ಸಾಲು ಬರೆದರೆ ಸಾಕು. ಫಿಲ್ಟರನ್ನು ಎರಡು ಸಲ ಬರೆದಿರುವುದು ಇಳಿಜಾರು ಕಡಿದಾಗಲಿ ಅಂತ:

```
ffmpeg -i ajja.wav -af "highpass=f=120,highpass=f=120" ajja2.wav
```

ಮೂಲ ಫೈಲನ್ನು ಮಾತ್ರ ಅಳಿಸಬೇಡಿ.

ಆಡಾಸಿಟಿಯ `Noise Reduction` ನೋಡಿ ಎಲ್ಲರಿಗೂ ಆಸೆಯಾಗುತ್ತದೆ. ಅದು ಫ್ಯಾನ್, ಫ್ರಿಜ್‌ನಂತೆ ಒಂದೇ ಸಮ ಇರುವ ಸದ್ದಿಗೆ ಮಾಡಿದ್ದು. ಮೊದಲು ಬರೀ ಗದ್ದಲದ ಮಾದರಿ ಕೊಟ್ಟರೆ, ಅದೇ ಮಾದರಿಯನ್ನು ಉಳಿದದ್ದರಿಂದ ಕಳೆಯುತ್ತದೆ. ಬೀಸುಗಾಳಿಗೆ ಒಂದು ಮಾದರಿ ಎಲ್ಲಿದೆ? ಏರುತ್ತದೆ, ಇಳಿಯುತ್ತದೆ, ನಿಲ್ಲುತ್ತದೆ. ಜೋರಾಗಿ ಹಾಕಿದರೆ ಮಾತು ನೀರಿನೊಳಗಿಂದ ಗುಳುಗುಳು ಬಂದಂತೆ ಆಗುತ್ತದೆ. ಅದಕ್ಕಿಂತ ಕೈಕೆಲಸ ಮೇಲು. ಇಡೀ ಫೈಲಿಗೆ 100ರಲ್ಲಿ ಒಂದು ಹದವಾದ ಫಿಲ್ಟರ್ ಹಾಕಿ, ಬೀಸು ಬಂದ ಜಾಗಗಳನ್ನಷ್ಟೇ ಆರಿಸಿ 180, 200ರ ತನಕ ಹೋಗಬಹುದು. ಒಂದೆರಡು ಸೆಕೆಂಡು ದನಿ ತೆಳ್ಳಗಾದರೆ ಕೇಳುಗರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಇಪ್ಪತ್ತು ನಿಮಿಷ ತೆಳ್ಳಗಿದ್ದರೆ ಖಂಡಿತ ಗೊತ್ತಾಗುತ್ತದೆ.

ಮೈಕ್ ಮೇಲೇ ಲೋ ಕಟ್ ಸ್ವಿಚ್ ಇದ್ದರೆ ಗಾಳಿಯಲ್ಲಿ ಅದನ್ನು ಆನ್ ಮಾಡಿಯೇ ಬಿಡಿ. ಅದು ಸಿಗ್ನಲ್ ರೆಕಾರ್ಡರಿಗೆ ಹೋಗುವ ಮೊದಲೇ ಕೆಳಗಿನ ಗುಡುಗನ್ನು ತಗ್ಗಿಸುವುದರಿಂದ ಚಪ್ಪಟೆಯಾಗುವ ಅಪಾಯ ಕಡಿಮೆ. ಎಡಿಟಿಂಗ್‌ನಲ್ಲಿ ಹಾಕುವ ಫಿಲ್ಟರ್‌ಗೆ ಆ ಗುಣ ಇಲ್ಲ.

ಒಂದು ಕಡೆ ಮಾತ್ರ ಫಿಲ್ಟರ್ ಮುಟ್ಟಲೇಬೇಡಿ: ಡೊಳ್ಳು. ಡೊಳ್ಳಿನ ಜೀವ ಇರುವುದೇ ಗಾಳಿಯ ಗದ್ದಲ ಇರುವ ಕೆಳಸ್ವರಗಳಲ್ಲಿ. ಗಾಳಿಯನ್ನು ಕತ್ತರಿಸಿದರೆ ಡೊಳ್ಳೂ ಕತ್ತರಿಸಿ ಹೋಗಿ ಡಬ್ಬ ಬಡಿದಂತೆ ಕೇಳುತ್ತದೆ. ಅಲ್ಲಿ ಮರೆ ಮತ್ತು ದೊಡ್ಡ ತುಪ್ಪಳದ ಕವರ್, ಎರಡೇ ದಾರಿ.

ಹಾಗಾದರೆ ಯಾವುದನ್ನು ಆರಿಸಲಿ?

ಒಬ್ಬರೇ ಕುಳಿತು ಮಾತಾಡುತ್ತಾರೆ, ಜಾಗ ನೀವೇ ಆರಿಸಬಹುದು ಅಂದರೆ ಮೈಕ್ ಇಡುವ ಜಾಗದ ಮೇಲೆ ಗಮನ ಕೊಡಿ. ಬಣವೆಯ ಮರೆ, ಗಾಳಿಗೆ ಬೆನ್ನು, ಅಂಗಿಯೊಳಗೆ ಕಾಲರ್ ಮೈಕ್. ಮಧ್ಯಮ ಗಾಳಿಗೆ ಇಷ್ಟೇ ಸಾಕಾಗಬಹುದು. ಆಮೇಲೆ ಹದವಾದ ಒಂದು ಫಿಲ್ಟರ್.

ಜಾಗ ನಿಮ್ಮ ಕೈಯಲ್ಲಿಲ್ಲ ಅಂದರೆ, ಅಂದರೆ ಮುಳ್ಳಯ್ಯನಗಿರಿಯ ತುದಿ, ಮಲ್ಪೆಯ ಕಡಲತೀರ, ಜಾತ್ರೆಯ ಬಯಲು ಇಂಥ ಕಡೆ, ಫರ್ ಕವರ್‌ಗೆ ದುಡ್ಡು ಹಾಕಿ. ಹೊಸ ಮೈಕಿಗೆ ಕೂಡಿಟ್ಟ ದುಡ್ಡಿದ್ದರೂ ಮೊದಲು ಇದ್ದ ಮೈಕಿಗೆ ಒಳ್ಳೆಯ ಕವರ್ ಕೊಳ್ಳಿ ಅನ್ನುವುದು ನನ್ನ ಮಾತು. ಬರಿಮೈಯ ದುಬಾರಿ ಮೈಕಿಗಿಂತ ತುಪ್ಪಳ ಹೊದ್ದ ಸಾಧಾರಣ ಮೈಕ್ ಗಾಳಿಯಲ್ಲಿ ಎಷ್ಟೋ ವಾಸಿ.

ಫಿಲ್ಟರ್ ಒಂದನ್ನೇ ನೆಚ್ಚಿಕೊಳ್ಳಬೇಕಾದ ಸಂದರ್ಭ ಒಂದೇ. ರೆಕಾರ್ಡಿಂಗ್ ಆಗಿಹೋಗಿದೆ, ಮತ್ತೆ ಮಾಡಲು ಆಗುವುದಿಲ್ಲ. ಆಗ ಚಪ್ಪಟೆಯಾಗದ ಭಾಗಗಳನ್ನು ಉಳಿಸಿಕೊಳ್ಳಿ, ಚಪ್ಪಟೆಯಾದ ಕಡೆ ಮಾತನ್ನು ಪರದೆಯ ಮೇಲೆ ಬರೆದು ತೋರಿಸಿ.

ಯಾವ ದಾರಿ ಹಿಡಿದರೂ ಶುರು ಮಾಡುವ ಮೊದಲು ಒಂದು ನಿಮಿಷ ರೆಕಾರ್ಡ್ ಮಾಡಿ, ಅಲ್ಲೇ ಹೆಡ್‌ಫೋನಿನಲ್ಲಿ ಕೇಳಿ. ಆ ನಿಮಿಷದಲ್ಲಿ ಒಂದು ಜೋರು ಬೀಸಾದರೂ ಬರುವ ತನಕ ಕಾಯಿರಿ. ಗಾಳಿ ನಿಂತ ಗಳಿಗೆಯಲ್ಲಿ ಮಾಡಿದ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಬೀಸು ಬಂದಾಗಲೂ ಮೀಟರ್ ತುದಿ ಮುಟ್ಟದ ಹಾಗೆ ಮಟ್ಟ ಇಳಿಸಿಕೊಳ್ಳಿ. ಮಾತು ಮೀಟರಿನಲ್ಲಿ ಮೈನಸ್ 18 ಡೆಸಿಬೆಲ್ ಸುತ್ತ ಆಡುತ್ತಿದ್ದರೂ ಪರವಾಗಿಲ್ಲ, ಆಮೇಲೆ ಏರಿಸಬಹುದು.

ಎರಡನೇ ದಿನ ಅಜ್ಜಾರು ಹಾಡು ಮುಗಿಸಿದಾಗ ಕಿವಿಯಿಂದ ಹೆಡ್‌ಫೋನ್ ತೆಗೆದು ಅವರಿಗೇ ಹಾಕಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಹಾಡಿನ ಹಿಂದೆ ದೂರದಲ್ಲಿ ಗಾಳಿಯಂತ್ರ ತಿರುಗುವ ಸದ್ದು ಸಣ್ಣಗೆ ಇತ್ತು. ಅದನ್ನು ನಾನು ತೆಗೆದಿಲ್ಲ.